ಮೈಯೆಲ್ಲ ತುರಿಕೆ, ಗುಳ್ಳೆ ಮಾತ್ರ ಒಂದೂ ಇಲ್ಲ

"ನಮ್ಮ ತಾಯಿಗೆ 74. ಎರಡು ತಿಂಗಳಿಂದ ಮೈಯೆಲ್ಲ ತುರಿಕೆ, ಒಂದು ಗುಳ್ಳೆಯೂ ಕಾಣಲ್ಲ. ಬರೀ ಒಣ ಚರ್ಮವಾ, ಇಲ್ಲ ಲಿವರ್, ಕಿಡ್ನಿ, ಥೈರಾಯ್ಡ್ ಟೆಸ್ಟ್ ಮಾಡಿಸಬೇಕಾ? ನಾವು ಕೊಪ್ಪಳದವರು."

ಹೆಚ್ಚಿನ ಸಲ ಒಣ ಚರ್ಮವೇ ಇರುತ್ತದೆ. ಆದರೂ ಎರಡು ತಿಂಗಳಾಗಿದೆ ಅಂದರೆ ರಕ್ತ ಪರೀಕ್ಷೆ ಮಾಡಿಸಿಬಿಡಿ. ನಾನು ರಾಯಚೂರಿನಲ್ಲಿ ಸ್ಟಾಫ್ ನರ್ಸ್, ಆದರೂ ನಮ್ಮಪ್ಪನ ವಿಷಯದಲ್ಲಿ ಮೋಸ ಹೋದೆ, ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ.

ಅಪ್ಪನಿಗೆ ಆಗ 72. ಡಿಸೆಂಬರ್‌ನಲ್ಲಿ ಶುರುವಾಯಿತು. "ಯವ್ವಾ, ಮೈಯೆಲ್ಲ ಕಡಿಯಾಕತ್ತದ" ಅಂತ ಬಾಚಣಿಗೆ ಹಿಡಿದು ಕೂರುತ್ತಿದ್ದರು. ಮೊಣಕಾಲ ಕೆಳಗೆ ಚರ್ಮ ಬೇಸಿಗೆಯ ಕೆರೆಯ ತಳದ ಹಾಗೆ ಬಿರಿದಿತ್ತು, ಉಗುರಿನಿಂದ ಗೀಚಿದರೆ ಬಿಳಿ ಗೆರೆ ಮೂಡುತ್ತಿತ್ತು. ಹಂಡೆಯ ಕುದಿಯೋ ನೀರು, ದಿನಾ ಮೈತುಂಬ ಸೋಪು, ಮೇಲೆ ನಮ್ಮ ಬೋರ್‌ವೆಲ್‌ನ ಸವಳು ನೀರು. ಇದು ಒಣ ಚರ್ಮವೇ ಅಂತ ನಾನೇ ತೀರ್ಪು ಕೊಟ್ಟೆ.

ಮದ್ದು ಸರಿಯಾಗೇ ಮಾಡಿದ್ದೆ, ಅದನ್ನು ನೀವೂ ಇವತ್ತೇ ಶುರು ಮಾಡಿ. ಉಗುರುಬೆಚ್ಚಗಿನ ನೀರು, ಐದು ಹತ್ತು ನಿಮಿಷದ ಸ್ನಾನ, ಸೋಪು ಕಂಕುಳು, ತೊಡೆಸಂದಿ, ಪಾದಕ್ಕೆ ಮಾತ್ರ. ಟವೆಲ್‌ನಿಂದ ಉಜ್ಜದೆ ಒತ್ತಿ ಒರೆಸಿ, ಮೈ ಇನ್ನೂ ಸ್ವಲ್ಪ ಹಸಿ ಇರುವಾಗಲೇ ಕೊಬ್ಬರಿ ಎಣ್ಣೆ ಅಥವಾ ವ್ಯಾಸಲೀನ್ ಹಚ್ಚಬೇಕು, ರಾತ್ರಿ ಇನ್ನೊಮ್ಮೆ. ಪೂರ್ತಿ ಒಣಗಿದ ಮೇಲೆ ಹಚ್ಚಿದರೆ ಒಳಗಿನ ತೇವ ಆಗಲೇ ಹೋಗಿರುತ್ತದೆ. ಕಡಲೆ ಹಿಟ್ಟು ಹಚ್ಚಿ ತಿಕ್ಕೋದು ಬೇಡ, ಅದು ಇದ್ದ ಜಿಡ್ಡನ್ನೂ ಎಳೆಯುತ್ತದೆ.

ಎರಡು ವಾರಕ್ಕೆ ಕಾಲು ನುಣುಪಾಯಿತು. ತುರಿಕೆ ಮಾತ್ರ ಹೋಗಲಿಲ್ಲ! ಅಲ್ಲೇ ನಾನು ಎಚ್ಚರಾಗಬೇಕಿತ್ತು. ಚರ್ಮ ಚೆನ್ನಾಗಿದ್ದೂ ತುರಿಕೆ ಉಳಿದರೆ ಕಾರಣ ಒಳಗಿರಬಹುದು. ನಾನು ಇನ್ನೊಂದು ತಿಂಗಳು ಎಣ್ಣೆ ಹಚ್ಚಿಸಿದೆ. ಒಂದು ರಾತ್ರಿ ನೋಡಿದರೆ ಅಂಗೈ, ಅಂಗಾಲನ್ನು ಮಂಚದ ಅಂಚಿಗೆ ತಿಕ್ಕುತ್ತಿದ್ದರು. ಬೆನ್ನು ನೋಡಿದೆ. ಭುಜ, ಸೊಂಟದ ಮೇಲೆಲ್ಲ ಕೆರೆದ ಗೀರು, ಕೈ ಎಟುಕದ ನಡುಬೆನ್ನು ಮಾತ್ರ ಸ್ವಚ್ಛ. ಅಂದರೆ ಇದ್ದ ಗಾಯವೆಲ್ಲ ಉಗುರಿನದು, ಚರ್ಮದ ರೋಗ ಅಲ್ಲ.

ಬೆಳಿಗ್ಗೆಯೇ ರಕ್ತ ಕೊಡಿಸಿದೆ. ಕಾಮಾಲೆ ತೋರಿಸುವ ಬಿಲಿರುಬಿನ್ 1.1, ನಾರ್ಮಲ್. ಕಣ್ಣು ಹಳದಿಯಾಗಿರಲಿಲ್ಲ. ಆದರೆ ಆಲ್ಕಲೈನ್ ಫಾಸ್ಫಟೇಸ್ 412, ಆ ಲ್ಯಾಬಿನ ಮಿತಿ 120. ಪಿತ್ತ ಹರಿಯೋ ದಾರಿ ಕಟ್ಟಿಕೊಂಡಾಗ ಇದು ಏರುತ್ತದೆ, ಕಾಮಾಲೆ ಕಾಣುವ ಮೊದಲೇ ತುರಿಕೆ ಬರಬಹುದು. ಸ್ಕ್ಯಾನ್‌ನಲ್ಲಿ ಪಿತ್ತನಾಳದಲ್ಲಿ ಕಲ್ಲು ಸಿಕ್ಕಿತು, ನೋವೇ ಇರಲಿಲ್ಲ ನೋಡಿ. ಎಂಡೋಸ್ಕೋಪಿಯಲ್ಲಿ ಕಲ್ಲು ತೆಗೆದ ಮೇಲೆ ಒಂದು ವಾರದಲ್ಲಿ ಬಾಚಣಿಗೆ ತಲೆಗೆ ವಾಪಸ್ ಬಂತು. ಹಾಗಾಗಿ ಲಿವರ್ ರಿಪೋರ್ಟ್ ಬಂದಾಗ ಬರೀ ಬಿಲಿರುಬಿನ್ ನೋಡಿ ಮಡಚಿಡಬೇಡಿ.

ಕಿಡ್ನಿ ವಿಷಯದಲ್ಲಿ ಜನ ಸುಮ್ನೆ ಜಾಸ್ತಿ ಹೆದರುತ್ತಾರೆ. ಕ್ರಿಯೇಟಿನಿನ್ 1.3 ಬಂದರೆ ತುರಿಕೆಗೆ ಅದೇ ಕಾರಣ ಅನ್ನೋದು ಕಷ್ಟ. ಕಿಡ್ನಿಯಿಂದ ಬರುವ ತುರಿಕೆ ಸಾಮಾನ್ಯವಾಗಿ ಕಿಡ್ನಿ ಬಹಳ ಕೆಟ್ಟ ಮೇಲೆ, ಡಯಾಲಿಸಿಸ್ ಹಂತದ ಹತ್ತಿರ ಬರೋದು. ಥೈರಾಯ್ಡ್ ಕಡಿಮೆಯಾದರೆ ಚರ್ಮವೇ ಒಣಗಿ ತುರಿಸುತ್ತದೆ, ಜೊತೆಗೆ ಮಲಬದ್ಧತೆ, ಚಳಿ, ಸುಸ್ತು. ಜಾಸ್ತಿಯಾದರೆ ಮೈ ಬಿಸಿ, ಬೆವರು, ಎದೆ ಡವಡವ, ತೂಕ ಇಳಿಯೋದು. ಟಿಎಸ್‌ಎಚ್ ಒಂದರಲ್ಲೇ ಹೆಚ್ಚುಕಡಿಮೆ ಗೊತ್ತಾಗುತ್ತದೆ.

ಹೀಗಾಗಿ ರಕ್ತದ ಕೌಂಟ್, ಲಿವರ್, ಕ್ರಿಯೇಟಿನಿನ್, ಟಿಎಸ್‌ಎಚ್, ಸಕ್ಕರೆ, ಕಬ್ಬಿಣಾಂಶ ತೋರಿಸುವ ಫೆರಿಟಿನ್, ಇಷ್ಟನ್ನು ಒಟ್ಟಿಗೇ ಮಾಡಿಸಿ. ಕಬ್ಬಿಣಾಂಶ ಕಮ್ಮಿಯಾದರೂ ತುರಿಕೆ ಬರುತ್ತದೆ, ರಕ್ತದ ಕೆಲವು ಕಾಯಿಲೆಗಳಲ್ಲೂ ಬರುತ್ತದೆ. ಡಾಕ್ಟರ್ ಹತ್ತಿರ ಹೋಗುವಾಗ ಅಮ್ಮ ನುಂಗುವ ಎಲ್ಲ ಮಾತ್ರೆಗಳನ್ನೂ ಚೀಲಕ್ಕೆ ಹಾಕಿಕೊಳ್ಳಿ, ಬಿಪಿಯ ಕೆಲವು ಮಾತ್ರೆ ಮತ್ತು ಟ್ರಮಡಾಲ್‌ನಂಥ ನೋವಿನ ಮಾತ್ರೆಯಿಂದಲೂ ಇದು ಆಗುತ್ತದೆ. ನೀವಾಗಿಯೇ ನಿಲ್ಲಿಸಬೇಡಿ. ಮೂತ್ರ ಕಡು ಚಹಾದ ಬಣ್ಣಕ್ಕೆ ತಿರುಗಿದರೆ, ಮಲ ಸುಣ್ಣದ ಹಾಗೆ ಬಿಳಿಚಿದರೆ, ತೂಕ ಇಳಿದರೆ ಅಥವಾ ಜ್ವರ ಬಂದರೆ ರಿಪೋರ್ಟಿಗೆ ಕಾಯದೆ ಅವತ್ತೇ ಹೋಗಿ.

ಮೆಡಿಕಲ್ ಶಾಪ್‌ನಲ್ಲಿ ತುರಿಕೆಗೆ ಅಂತ ಕೊಡುವ ನಿದ್ದೆ ಬರೋ ಅಲರ್ಜಿ ಮಾತ್ರೆ ಮಾತ್ರ ಬೇಡ. ಈ ವಯಸ್ಸಿನಲ್ಲಿ ರಾತ್ರಿ ಬಚ್ಚಲಿಗೆ ಎದ್ದಾಗ ತೂರಾಡಿ ಬೀಳುತ್ತಾರೆ, ಕೆಲವರಿಗೆ ಮೂತ್ರ ಕಟ್ಟುತ್ತದೆ. ಅಂದಹಾಗೆ, ಮನೆಯಲ್ಲಿ ನಿಮಗೂ ರಾತ್ರಿ ಕೈ ಬೆರಳ ಸಂದಿ ತುರಿಸುತ್ತಾ? ಹೌದಾದರೆ ಮೊದಲು ಕಜ್ಜಿ ಅಲ್ಲ ಅಂತ ಖಾತ್ರಿ ಮಾಡಿಕೊಳ್ಳಿ, ವಯಸ್ಸಾದವರಲ್ಲಿ ಅದು ಗುಳ್ಳೆ ಸರಿಯಾಗಿ ಕಾಣದೆಯೂ ಇರುತ್ತದೆ.