ಇಬ್ಬರನ್ನ ಮೇಲ್‌ನಲ್ಲಿ ಪರಿಚಯ ಮಾಡಿಸೋದಕ್ಕೆ ಮುಂಚೆ

"ಮಳೆಗಾಲದಲ್ಲಿ ನಮ್ಮ ಆಲೆಮನೆ ಬೆಲ್ಲದ ಪುಡಿ ಗಂಟು ಕಟ್ತಿದೆ. ಮೈಸೂರಲ್ಲಿ ಆಹಾರ ವಿಜ್ಞಾನಿ ಮೇಡಂ ಒಬ್ಬರು ಗೊತ್ತು, ಮಂಡ್ಯದಲ್ಲಿ ಡ್ರೈಯರ್ ಮಾಡೋ ಇಂಜಿನಿಯರ್ ಒಬ್ಬರು ಗೊತ್ತು. ಇಬ್ಬರಿಗೂ ಒಂದೇ ಮೇಲ್ ಹಾಕಿ, ಫೋನ್ ನಂಬರ್ ಕೊಟ್ಟು, 'ನೀವಿಬ್ರೂ ಮಾತಾಡ್ಕೊಳಿ' ಅಂದ್ರೆ ಸಾಕಲ್ವಾ?"

ಅಣ್ಣ, ಕೈ ಮುಗೀತೀನಿ, ಸೆಂಡ್ ಒತ್ತಬೇಡಿ. ನಾಲ್ಕು ವರ್ಷದ ಹಿಂದೆ ನಾನು ಇದನ್ನೇ ಮಾಡಿದ್ದೆ. ನಿವೃತ್ತರಾಗಿದ್ದ ಹಿರಿಯರೊಬ್ಬರಿಗೂ, ಕೋಲ್ಡ್ ಸ್ಟೋರೇಜ್ ಕೆಲಸ ಮಾಡೋ ನನ್ನ ಸ್ನೇಹಿತನಿಗೂ ಸೇರಿಸಿ ಎರಡು ಸಾಲಿನ ಮೇಲ್. "ನಿಮ್ಮಿಬ್ಬರಿಗೂ ಉಪಯೋಗ ಆಗುತ್ತೆ ಸರ್" ಅಂತ ಬರೆದೆ. ಏನು ಉಪಯೋಗ ಅಂತ ನನಗೇ ಗೊತ್ತಿರಲಿಲ್ಲ. ಸ್ನೇಹಿತ, ಸರ್ ಗಿರಾಕಿ ಕೊಡಿಸ್ತಾರೆ ಅಂದ್ಕೊಂಡ. ಸರ್, ಇವನಿಗೆ ಪುಕ್ಕಟೆ ರಿಪೋರ್ಟ್ ಬರೆದುಕೊಡಬೇಕೇನೋ ಅಂದ್ಕೊಂಡ್ರು. ನಂಬರ್ ಬೇರೆ ಕೊಟ್ಟಿದ್ದೆನಲ್ಲ, ಮಾರನೇ ದಿನ ಬೆಳಗ್ಗೆ ಆರೂವರೆಗೆ ಸರ್ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ವಾಕಿಂಗ್ ಮಾಡ್ತಿರುವಾಗ ಇವನು ಫೋನ್ ಹಚ್ಚಿದ್ದಾನೆ. ಅದಕ್ಕಿಂತ ಘೋರ ಏನಂದ್ರೆ, ಅವರಿಬ್ಬರಿಗೂ ಹಿಂದೊಮ್ಮೆ ಯಾವುದೋ ಬಿಲ್ ವಿಚಾರದಲ್ಲಿ ಮಾತು ಬಂದಿತ್ತಂತೆ. ನನಗೆ ಹೇಗೆ ಗೊತ್ತಾಗಬೇಕು? ಕೇಳಿದ್ರೆ ತಾನೆ!

ಸರ್ ಮೇಲ್‌ಗೆ "ಸಂತೋಷ" ಅಂತ ಒಂದೇ ಪದ ಬರೆದ್ರು. ಆಮೇಲೆ ಒಂದು ವರ್ಷ ನನ್ನ ಯಾವ ಮೇಲ್‌ಗೂ ಉತ್ತರ ಇಲ್ಲ. ಕೊನೆಗೆ ಒಂದು ಮದುವೇಲಿ ಪಕ್ಕದ ಎಲೆಗೇ ಬಂದು ಕೂತ್ರು. ಪಾಯಸಕ್ಕೆ ಹಪ್ಪಳ ಮುರೀತಾ, "ನನ್ನನ್ನ ಮೊದಲೇ ಕೇಳಿದ್ರೆ ಬೇಡ ಅನ್ನೋಕೆ ಒಂದು ದಾರಿ ಇರ್ತಿತ್ತು ಕಣಯ್ಯ. ಅವನ ಎದುರಿಗೇ ಹೇಗೆ ಬೇಡ ಅನ್ನಲಿ?" ಅಂದ್ರು. ಅವತ್ತು ಪಾಯಸ ನನಗೆ ಇಳೀಲಿಲ್ಲ.

ಅದಕ್ಕೆ ಮೊದಲು ಬೇರೆ ಬೇರೆಯಾಗಿ ಕೇಳಿ. ಯಾರಿಗೆ ಸಹಾಯ ಬೇಕೋ ಅವರ ಕಡೆಯಿಂದ ಶುರು ಮಾಡಿ, ಅಂದ್ರೆ ಇಂಜಿನಿಯರ್ ಕಡೆಯಿಂದ. ಅವರು ಒಪ್ಪಿದರೆ, ಅವರು ಯಾರು, ಏನು ಮಾಡಿ ನೋಡಿದ್ದಾರೆ, ಎಲ್ಲಿ ಸಿಕ್ಕಿಹಾಕಿಕೊಂಡಿದ್ದಾರೆ ಅಂತ ಐದಾರು ಸಾಲು ಬರೆಸಿಕೊಳ್ಳಿ. ಅದನ್ನ ನೀವು ತಿದ್ದಬೇಡಿ, ಹಾಗೇ ಮೇಡಂಗೆ ಫಾರ್ವರ್ಡ್ ಮಾಡಿ, ಮೇಲೆ ನಿಮ್ಮದೊಂದು ಮಾತು ಸೇರಿಸಿ: "ಈಗ ಪುರುಸೊತ್ತಿಲ್ಲ ಅಂದ್ರೂ ಬೇಜಾರಿಲ್ಲ ಮೇಡಂ, ಅವರಿಗೆ ನಾನೇ ಹೇಳ್ಕೋತೀನಿ." ಅವರು ಬೇಡ ಅಂದ್ರೆ ಅದು ನಿಮ್ಮಿಬ್ಬರ ಮಧ್ಯೆ ಮುಗಿಯುತ್ತೆ, ಇಂಜಿನಿಯರ್‌ಗೆ ಮುಖಭಂಗ ಇಲ್ಲ. ವಾರ ಕಾದು ಒಂದು ಸಲ ನೆನಪಿಸಿ. ಆಗಲೂ ಸುಮ್ಮನಿದ್ರೆ ಅದೇ ಉತ್ತರ ಅಂತ ತಿಳ್ಕೊಳಿ.

ಮೇಡಂ ಇನ್ನೂ ಸೇವೆಯಲ್ಲಿದ್ದಾರಾ ಅಂತಲೂ ನೋಡ್ಕೊಳಿ. ಸಿಎಫ್‌ಟಿಆರ್‌ಐ ಥರದ ಸರ್ಕಾರಿ ಆಹಾರ ಸಂಶೋಧನಾ ಸಂಸ್ಥೇಲಿ ಇದ್ದರೆ ಸಲಹೆ ಕೆಲಸ ಸಂಸ್ಥೆಯ ಮೂಲಕ ಹೋಗಬೇಕು. "ನಿಮ್ಮಲ್ಲಿ ಇದನ್ನ ಯಾವ ದಾರೀಲಿ ಕೇಳಬೇಕು?" ಅಂತ ಕೇಳಿದ್ರೆ ಅವರಿಗೂ ಇಕ್ಕಟ್ಟಿಲ್ಲ.

ಇಬ್ಬರೂ ಹೂಂ ಅಂದ ಮೇಲೆ ಮೇಲ್. ವಿಷಯದ ಸಾಲಲ್ಲಿ "ಪರಿಚಯ" ಅಂತಷ್ಟೇ ಹಾಕಿದ್ರೆ ತಿಂಗಳಾದ ಮೇಲೆ ಹುಡುಕಿದ್ರೂ ಸಿಗಲ್ಲ. "ಬೆಲ್ಲದ ಪುಡಿ ತೇವ: ಪರಿಚಯ" ಅಂತ ಹಾಕಿ, ಪಕ್ಕದಲ್ಲಿ ಇಬ್ಬರ ಹೆಸರು. ನಾನಾಗಿದ್ರೆ ಒಳಗೆ ಹೀಗೆ ಬರೀತೀನಿ:

"ಮೇಡಂ, ನಮಸ್ಕಾರ. ಹೋದ ವಾರ ಹೇಳಿದ್ದ ಇಂಜಿನಿಯರ್ ಇವರೇ. ನಮ್ಮ ಸುತ್ತ ಮೂರು ಆಲೆಮನೆಗೆ ಟ್ರೇ ಡ್ರೈಯರ್ ಮಾಡಿಕೊಟ್ಟಿದ್ದಾರೆ. ದುಡ್ಡು ಕೈಸೇರಿದ ಮೇಲೂ ಕರೆದ್ರೆ ಬಂದು ನೋಡ್ತಾರೆ.

ಸರ್, ನಮ್ಮ ಬೆಲ್ಲ ಯಾಕೆ ಅಂಟುತ್ತೆ ಅಂತ ಪಾಕದಿಂದ ಹಿಡಿದು ನನಗೆ ಬಿಡಿಸಿ ಹೇಳಿದವರು ಮೇಡಂ.

ಕೇಳಬೇಕಿರೋದು ಒಂದೇ: ಪುಡಿಯನ್ನ ಎಷ್ಟು ತೇವಕ್ಕೆ ಇಳಿಸಿದ್ರೆ ಮಳೆಗಾಲ ದಾಟುತ್ತೆ, ಅದಕ್ಕೆ ಡ್ರೈಯರ್ ಗಾಳಿ ಎಷ್ಟು ಬಿಸಿ ಇರಬೇಕು. ಅರ್ಧ ಗಂಟೆಯ ಮಾತು. ಶುಲ್ಕ ನಮ್ಮ ಆಲೆಮನೆಯದು. ಇಂಜಿನಿಯರ್ ಸರ್ ತಮ್ಮ ಮೂರು ಬ್ಯಾಚಿನ ಲೆಕ್ಕ ಹಾಕಿ ಮೊದಲು ಬರೀತಾರೆ, ಸಮಯ ಮೇಡಂ ಹೇಳಲಿ."

ಇಷ್ಟೇ. ಹಿರಿಯರನ್ನ ಮೊದಲು ಮಾತಾಡಿಸಿದ್ದೀನಿ, ಕಿರಿಯರನ್ನ ಅವರ ಮುಂದೆ ತಂದು ನಿಲ್ಲಿಸಿದ್ದೀನಿ. ಮನೇಲೂ ಹಾಗೇ ತಾನೆ ಪರಿಚಯ ಮಾಡ್ಸೋದು. ಕೇಳೋ ಕಡೆಯವರೇ ವಯಸ್ಸಲ್ಲಿ ಹಿರಿಯರಾಗಿದ್ರೆ ಯಾರನ್ನ ಮೊದಲು ಅನ್ನೋದು ನನಗೂ ಪೂರ್ತಿ ಬಗೆಹರಿದಿಲ್ಲ, ನಾನಂತೂ ವಯಸ್ಸಿಗೇ ಮಣೆ ಹಾಕ್ತೀನಿ. ಹೊಗಳಿಕೆ ಜಾಸ್ತಿ ಬೇಡ. "ಜ್ಞಾನದ ಗಣಿ, ನಡೆದಾಡೋ ವಿಶ್ವಕೋಶ" ಅಂತೆಲ್ಲ ಬರೆದ್ರೆ ಅವರಿಗೂ ಮುಜುಗರ, ಇವರಿಗೂ ಭಯ. ನೀವು ಕಣ್ಣಾರೆ ಕಂಡ ಒಂದು ಕೆಲಸ ಹೇಳಿ, ಸಾಕು. ಇಂಜಿನಿಯರ್ ಎಷ್ಟೇ ಸಲುಗೆ ಇದ್ದರೂ "ನಮ್ಮ ಹುಡುಗ" ಅಂತ ಬರೀಬೇಡಿ. ಮೇಡಂಗೆ "ಅವರು", ಇವರಿಗೆ "ಅವನು" ಅಂದ್ರೆ ಮೊದಲ ಸಾಲಲ್ಲೇ ಒಬ್ಬರನ್ನ ಕೆಳಗೆ ಕೂರಿಸಿದ ಹಾಗೆ. ಮತ್ತೆ ಶುಲ್ಕದ ಮಾತು ನುಂಗಬೇಡಿ. ಬಾಯಿಬಿಟ್ಟು ಹೇಳದಿದ್ರೆ ಮೇಡಂ ಕೇಳೋಕೆ ಸಂಕೋಚ ಪಡ್ತಾರೆ, ಇಂಜಿನಿಯರ್ ತನ್ನ ತಲೆ ಮೇಲೆ ಬರುತ್ತೇನೋ ಅಂತ ತಪ್ಪಿಸಿಕೊಳ್ತಾರೆ. ಇದರಲ್ಲಿ ಲಾಭ ನಿಮ್ಮದು ಅನ್ನೋದೂ ಅವರಿಗೆ ಗೊತ್ತಿರಲಿ.

ಮೇಲಿನ ಕಾಮೆಂಟಲ್ಲಿ ಪಾಂಡವಪುರದ ಗೌಡ್ರು "ಇಬ್ಬರನ್ನೂ ಬಿಸಿಸಿಗೆ ಹಾಕಿ, ವಿಳಾಸ ಹೊರಗೆ ಹೋಗಲ್ಲ" ಅಂದಿದ್ದಾರೆ. ಗೌಡ್ರೇ, ಅರ್ಧ ಸರಿ. ಕೇಳದೇ ವಿಳಾಸ ಕೊಡಬಾರದು ನಿಜ, ಆದ್ರೆ ಬಿಸಿಸಿಲಿ ಇದ್ರೆ ಒಬ್ಬರಿಗೊಬ್ಬರು ಕಾಣಲ್ಲ, ಉತ್ತರ ಎಲ್ಲಾ ನಿಮಗೇ ಬರುತ್ತೆ. ಬಿಸಿಸಿ ಬೇಕಾಗೋದು ಆಮೇಲೆ: ಉತ್ತರ ಬರೆಯುವಾಗ ಇಂಜಿನಿಯರ್ ಅವರು, ಮೇಡಂನ ಟೂ ಸಾಲಲ್ಲಿಟ್ಟು, ನಿಮ್ಮನ್ನ ಬಿಸಿಸಿಗೆ ಸರಿಸಿ, "ಪರಿಚಯ ಮಾಡಿಸಿದ್ದಕ್ಕೆ ವಂದನೆ" ಅಂತ ಒಂದು ಸಾಲು ಹಾಕಲಿ. ಮಾತು ಶುರುವಾಯ್ತು ಅಂತ ನಿಮಗೆ ಗೊತ್ತಾಗುತ್ತೆ, ಮುಂದಿನ ಇಪ್ಪತ್ತು ಮೇಲ್ ನಿಮ್ಮ ತಲೆ ತಿನ್ನಲ್ಲ. ಇದನ್ನ ಅವರಿಗೆ ಮುಂಚೆನೇ ಹೇಳಿಕೊಡಿ. ಔಟ್‌ಲುಕ್‌ನಲ್ಲಿ ಬಿಸಿಸಿ ಸಾಲು ಹುಡುಕೋದೇ ಒಂದು ರಗಳೆ, ನನಗೆ ಜಿಮೇಲೇ ಸಾಕು. ಅದರಲ್ಲಿ ಅನ್‌ಡೂ ಸೆಂಡ್ 5 ಸೆಕೆಂಡ್ ಇರುತ್ತೆ, ಸೆಟ್ಟಿಂಗ್ಸಲ್ಲಿ 30 ಮಾಡ್ಕೊಳಿ. ಹೆಸರಿನ ಕಾಗುಣಿತ ತಪ್ಪಿದ್ದು ಕಣ್ಣಿಗೆ ಬೀಳೋದೇ ಸೆಂಡ್ ಒತ್ತಿದ ಮೇಲೆ.

ಬನ್ನೂರಿನ ಮೇಡಂ ವಾಟ್ಸಾಪ್ ಗ್ರೂಪ್ ಮಾಡಿ ಇಬ್ಬರನ್ನೂ ಸೇರಿಸಿದ್ದು, ಕುರಿ ಡಾಕ್ಟರ್ ಅದರಿಂದ ಎಕ್ಸಿಟ್ ಆದದ್ದು ಇನ್ನೊಂದು ಕಾಮೆಂಟಲ್ಲಿ ಓದಿದೆ. ಪಾಪ ಡಾಕ್ಟರು ಏನು ಮಾಡ್ತಾರೆ ಮೇಡಂ, ಆ ಗ್ರೂಪಲ್ಲಿ ನಿಮ್ಮ ಗುಡ್ ಮಾರ್ನಿಂಗ್ ಫೋಟೋನೂ ಬರ್ತಿತ್ತಲ್ಲ. ಇಲ್ಲಿ ಕೇಳಿರೋದು ಮೇಲ್ ವಿಚಾರ, ಅದು ಬೇರೆ ಕಥೆ.

ಕನ್ನಡದಲ್ಲಾ ಇಂಗ್ಲಿಷಲ್ಲಾ ಅಂತ ಯಾರೋ ಕೇಳಿದ್ರು. ಅವರಿಬ್ಬರೂ ನಿಮಗೆ ಯಾವುದರಲ್ಲಿ ಬರೀತಾರೋ ಅದರಲ್ಲಿ.

ಮತ್ತೆ ಅಣ್ಣ, ನೀವು ಪ್ರಶ್ನೆ ಜೊತೆ ಹಾಕಿರೋ ಫೋಟೋ ಈಗ ದೊಡ್ಡದು ಮಾಡಿ ನೋಡಿದೆ. ಪುಡಿ ತುಂಬಿರೋ ಚೀಲದ ಬಾಯಿ ಬರೀ ದಾರದಲ್ಲಿ ಹೊಲಿದಿದೆ. ಒಳಗೆ ಪ್ಲಾಸ್ಟಿಕ್ ಲೈನರ್ ಇದೆಯಾ? ಇಲ್ಲದಿದ್ರೆ ಡ್ರೈಯರ್ ಎಷ್ಟೇ ಒಣಗಿಸಿದ್ರೂ ಶ್ರಾವಣದ ಗಾಳಿ ಒಳಗೆ ಹೋಗೇ ಹೋಗುತ್ತೆ. ಮೇಡಂಗೆ ಮೇಲ್ ಹಾಕೋ ಮುಂಚೆ ಎರಡು ಚೀಲಕ್ಕೆ ಲೈನರ್ ಹಾಕಿ, ಅದರ ಬಾಯಿ ಬಿಗಿಯಾಗಿ ಕಟ್ಟಿ, ಹದಿನೈದು ದಿನ ಇಟ್ಟು ನೋಡಿ. ಗಂಟು ಕಟ್ಟಿತೋ ಇಲ್ಲವೋ ಅದನ್ನೂ ಆ ಐದಾರು ಸಾಲಲ್ಲಿ ಬರೆಸಿ.