ಅಪ್ಪಾಜಿಯ ಬಿಪಿ ಚೀಟಿಗಳನ್ನು ಸಾಲಾಗಿ ಇಟ್ಟು ನೋಡು

"ಅಕ್ಕಾ, ನಾನು ದಾವಣಗೆರೆ ನಿಟ್ಟುವಳ್ಳಿಯವನು. ಮ್ಯಾಂಚೆಸ್ಟರ್‌ಗೆ ಬಂದು ಮೂರು ತಿಂಗಳಾಯ್ತು. ಬಾಡಿಗೆ ಮನೆ, ಚಳಿ, ಇಲ್ಲಿನ ಡಾಕ್ಟರ ಬಗ್ಗೆ ಸ್ವಲ್ಪ ಹೇಳ್ತೀರಾ? ಇನ್ನೊಂದು ಚಿಂತೆ ಇದೆ. ಊರಲ್ಲಿ ಅಪ್ಪಾಜಿಗೆ ಪ್ರತಿ ಸಲ ಬಿಪಿ 150ರ ಮೇಲೇ ಬರುತ್ತೆ. ಡಾಕ್ಟರು ಅದೇ ಮಾತ್ರೆ ಬರೆದು ಕಳಿಸ್ತಾರೆ. ಅವರಿಗೆ ಬೇಜಾರಾಗದ ಹಾಗೆ ಹೇಗೆ ಕೇಳೋದು?"

ತಮ್ಮಾ, ಬಾಡಿಗೆ ಮನೆ ನೋಡುವಾಗ ಗೋಡೆ ಮೂಲೆಯಲ್ಲಿ ಬೂಷ್ಟು ಇದೆಯಾ ಅಂತ ಮೊದಲು ನೋಡು. ಚಳಿಗೆ ಒಂದು ಒಳ್ಳೆ ಕೋಟು ತಗೋ, ಕಾಸಿಗೆ ನೋಡಬೇಡ. ಡಾಕ್ಟರ ವಿಷಯ ಅಂದ್ರೆ, ಇಲ್ಲಿ ಫ್ಯಾಮಿಲಿ ಡಾಕ್ಟರಿಗೆ ಜಿಪಿ ಅಂತಾರೆ, ನಿನ್ನ ಏರಿಯಾದ ಜಿಪಿ ಹತ್ತಿರ ಈ ವಾರವೇ ಹೆಸರು ಬರೆಸು. ವೀಸಾ ಜೊತೆ ಆರೋಗ್ಯದ ಸರ್‌ಚಾರ್ಜ್ ಕಟ್ಟಿರುತ್ತೀಯಲ್ಲ, ಹಾಗಾಗಿ ಜಿಪಿಗೆ ತೋರಿಸಲು ದುಡ್ಡು ಕೊಡಬೇಕಿಲ್ಲ. ಇಷ್ಟು ಸಾಕು, ಉಳಿದದ್ದು ತಾನಾಗಿ ಗೊತ್ತಾಗುತ್ತೆ. ಅಪ್ಪಾಜಿ ವಿಷಯ ಹಾಗಲ್ಲ. ಅದನ್ನು ಪೂರ್ತಿ ಹೇಳುತ್ತೇನೆ.

ನಾನು ಬಂದ ಹೊಸದರಲ್ಲಿ ಜಿಪಿಯ ನರ್ಸ್ ನನ್ನ ಬಿಪಿ ನೋಡಿದರು. 150ರ ಹತ್ತಿರ ಬಂತು. ನಮ್ಮೂರಲ್ಲಾಗಿದ್ದರೆ "ಏನಿಲ್ಲ ಬಿಡಮ್ಮ, ಟೆನ್ಷನ್ ಮಾಡ್ಕೊಂಡಿದೀಯ" ಅಂದು ಕಳಿಸುತ್ತಿದ್ದರು. ನರ್ಸ್ ಕೂಡ ಟೆನ್ಷನ್ ಇರಬಹುದು ಅಂದರು. ಆದರೆ ಅಷ್ಟಕ್ಕೇ ಬಿಡಲಿಲ್ಲ. ಒಂದು ಮೆಷಿನ್ನು, ಒಂದು ಹಾಳೆ ಕೈಗೆ ಕೊಟ್ಟು, ಒಂದು ವಾರ ಮನೆಯಲ್ಲಿ ನೋಡಿ ಬರೆದುಕೊಂಡು ಬನ್ನಿ ಅಂದರು. ಸರಾಸರಿ 126/78 ಬಂತು. ಮಾತ್ರೆ ಬೇಕಾಗಲಿಲ್ಲ. ಬಿಳಿ ಕೋಟು ಕಂಡರೆ ನನಗೆ ಏರುತ್ತೆ, ಅಷ್ಟೇ. ಅನುಮಾನ ಬಂದರೆ ಅದನ್ನು ಬಗೆಹರಿಸಬೇಕು, ಮುಂದಿನ ಸಲಕ್ಕೆ ಅಂತ ತಳ್ಳಬಾರದು ಅನ್ನೋದನ್ನು ನಾನು ಅವತ್ತು ಕಲಿತೆ.

ನಮ್ಮ ಅಪ್ಪಾಜಿಗೆ ಆ ಭಾಗ್ಯ ಸಿಗಲಿಲ್ಲ. ಮಂಡಿಪೇಟೆಯಲ್ಲಿ ಅಂಗಡಿ. ಬಿಪಿಗೆ ಆಮ್ಲೋಡಿಪಿನ್ 5 ಮಿಲಿಗ್ರಾಂ, ದಿನಕ್ಕೊಂದು. ತಪ್ಪದೆ ತಗೊಳ್ಳುತ್ತಿದ್ದರು, ತಪ್ಪದೆ ತೋರಿಸಿಕೊಂಡು ಬರುತ್ತಿದ್ದರು. ಒಂದು ಬೆಳಿಗ್ಗೆ ಬಲಗೈ ಏಳಲಿಲ್ಲ, ಮಾತು ತೊದಲಿತು. ಪಾರ್ಶ್ವವಾಯು. ನಾನು ಊರಿಗೆ ಹೋದಾಗ ಬೀರುವಿನಲ್ಲಿ ಅವರ ಚೀಟಿಗಳ ಕಟ್ಟು ಸಿಕ್ಕಿತು. ರಬ್ಬರ್ ಬ್ಯಾಂಡ್ ಹಾಕಿ ಜೋಪಾನವಾಗಿ ಇಟ್ಟಿದ್ದರು. ಹಾಸಿಗೆ ಮೇಲೆ ತಾರೀಖಿನ ಪ್ರಕಾರ ಸಾಲಾಗಿ ಹರಡಿದೆ. 156/94. 160/92. 154/96. 162/94. ಪ್ರತಿ ಚೀಟಿಯ ಕೆಳಗೂ ಸಿ.ಎಸ್.ಟಿ. ಅಂತ ಮೂರಕ್ಷರ. ಅದೇ ಚಿಕಿತ್ಸೆ ಮುಂದುವರಿಸಿ ಅಂತ ಅದರ ಅರ್ಥ. ಎರಡು ವರ್ಷಕ್ಕೂ ಮೇಲೆ ಒಂದು ಸಲವೂ ಮಾತ್ರೆ ಬದಲಾಗಿರಲಿಲ್ಲ.

ಬಿಪಿ ಸರಿಯಾಗಿದ್ದಿದ್ದರೆ ಪಾರ್ಶ್ವವಾಯು ಬರುತ್ತಲೇ ಇರಲಿಲ್ಲ ಅಂತ ಯಾರೂ ಆಣೆ ಮಾಡಿ ಹೇಳಲಾರರು. ಆದರೆ ಅದು ಬರುವ ಸಾಧ್ಯತೆ ಕಮ್ಮಿ ಮಾಡುವ ಮಾತ್ರೆ ನಮ್ಮೂರಿನ ಮೆಡಿಕಲ್ ಶಾಪಿನಲ್ಲೇ ಇತ್ತು. ನನಗೆ ಇವತ್ತಿಗೂ ಸಂಕಟವಾಗುವುದು ಅದಕ್ಕೇ.

ಇದಕ್ಕೆ ವೈದ್ಯರೇ ಇಟ್ಟಿರುವ ಹೆಸರು ಕ್ಲಿನಿಕಲ್ ಇನರ್ಷಿಯಾ. ರೀಡಿಂಗ್ ಜಾಸ್ತಿ ಇದೆ, ಏನು ಮಾಡಬೇಕು ಅಂತಲೂ ಗೊತ್ತಿದೆ, ಆದರೂ ಈ ಸಲ ಬೇಡ ಅಂತ ಬಿಡುವುದು. ಇದು ದಾವಣಗೆರೆಯ ರೋಗ ಅಂತ ತಿಳಿಯಬೇಡ. ಅಮೆರಿಕದಲ್ಲಿ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ ಬಿಪಿ ಇರುವ 800 ಗಂಡಸರನ್ನು ಎರಡು ವರ್ಷ ಗಮನಿಸಿ 1998ರಲ್ಲಿ ಒಂದು ವರದಿ ಬಂತು. ಅವರು ಬಿಪಿ ವಿಷಯಕ್ಕೇ ವರ್ಷಕ್ಕೆ ಸರಾಸರಿ ಆರಕ್ಕಿಂತ ಜಾಸ್ತಿ ಸಲ ಡಾಕ್ಟರ ಹತ್ತಿರ ಹೋಗಿದ್ದರು. ಆದರೂ ಸುಮಾರು ಶೇ. 40 ಜನಕ್ಕೆ 160/90 ಅಥವಾ ಅದಕ್ಕೂ ಮೇಲಿತ್ತು. ಔಷಧಿ ಜಾಸ್ತಿ ಮಾಡಿದ್ದು ನೂರು ಭೇಟಿಯಲ್ಲಿ ಏಳಕ್ಕಿಂತ ಕಮ್ಮಿ.

ಡಾಕ್ಟರು ಕೆಟ್ಟವರು ಅಂತಲ್ಲ. ಸಂಜೆ ಕ್ಲಿನಿಕ್ಕಿನ ಹೊರಗೆ ಎಷ್ಟು ಜನ ಕೂತಿರುತ್ತಾರೆ ಅಂತ ನೀನೇ ನೋಡಿದ್ದೀಯ. ಅವರ ಮುಂದೆ ಇರುವುದು ಅವತ್ತಿನ ಒಂದು ಅಂಕಿ ಮಾತ್ರ. ಮೆಟ್ಟಿಲು ಹತ್ತಿ ಬಂದಿದ್ದಾರೆ, ಬಿಸಿಲಲ್ಲಿ ಬಂದಿದ್ದಾರೆ, ಮನೆಯಲ್ಲಿ ಮದುವೆ ಗಡಿಬಿಡಿ ಅಂತೆ. ಒಂದೊಂದೂ ಆ ದಿನದ ಮಟ್ಟಿಗೆ ನಿಜವೇ. ಇನ್ನು ನಮ್ಮ ಹಿರಿಯರು "ಹೇಗಿದ್ದೀರಾ" ಅಂದರೆ "ಆರಾಮಿದೀನಿ ಸರ್" ಅನ್ನುತ್ತಾರೆ. ಬಿಪಿಗೆ ನೋವಿಲ್ಲ, ಜ್ವರವಿಲ್ಲ. ಆರಾಮಿದ್ದವರಿಗೆ ಇನ್ನೊಂದು ಮಾತ್ರೆ ಬರೆಯಲು ಯಾರಿಗೂ ಮನಸ್ಸು ಬರುವುದಿಲ್ಲ, ಅಲ್ವಾ?

ಹಾಗಾಗಿ ನೀನು ಮಾಡಬೇಕಾದ್ದು ಡಾಕ್ಟರ ಮುಂದೆ ಒಂದು ದಿನದ ಅಂಕಿ ಬಿಟ್ಟು ಪೂರ್ತಿ ಸಾಲು ಇಡುವುದು. ಅಮ್ಮನ ವಿಷಯದಲ್ಲಿ ನಾವು ಮಾಡಿದ್ದನ್ನು ಹೇಳುತ್ತೇನೆ, ಕೇಳು.

ಅಮ್ಮನಿಗೆ 66. ಅವರಿಗೂ ಅದೇ ಆಮ್ಲೋಡಿಪಿನ್ 5, ಅವರ ಚೀಟಿಯಲ್ಲೂ ಪ್ರತಿ ಸಲ 150ರ ಆಚೆ. ಇಲ್ಲಿ ನರ್ಸ್ ನನಗೆ ಹೇಳಿಕೊಟ್ಟಿದ್ದನ್ನೇ ವಿಡಿಯೋ ಕಾಲಿನಲ್ಲಿ ತಂಗಿಗೆ ಹೇಳಿಕೊಟ್ಟೆ. ತೋಳಿಗೆ ಕಟ್ಟುವ ಮೆಷಿನ್ನು. ಪಟ್ಟಿ ತೋಳಿನ ಅಳತೆಗೆ ಸರಿಯಾಗಿರಬೇಕು, ಚಿಕ್ಕದಾದರೆ ಬಿಪಿ ಸುಳ್ಳಾಗಿ ಜಾಸ್ತಿ ತೋರಿಸುತ್ತೆ. ಕಾಫಿ ಕುಡಿದ ಅರ್ಧ ಗಂಟೆ ನೋಡಬಾರದು. ಮೊದಲು ಬಾತ್‌ರೂಮಿಗೆ ಹೋಗಿ ಬರಬೇಕು. ಆಮೇಲೆ ಬೆನ್ನಿಗೆ ಒರಗು ಇರುವ ಕುರ್ಚಿಯಲ್ಲಿ ಐದು ನಿಮಿಷ ಸುಮ್ನೆ ಕೂರಬೇಕು, ಕಾಲು ನೆಲದ ಮೇಲೆ, ತೋಳು ಎದೆ ಮಟ್ಟಕ್ಕೆ. ಮಾತಾಡಬಾರದು. ಅಮ್ಮನಿಗೆ ಇದೇ ಕಷ್ಟವಾಯ್ತು, ಪಕ್ಕದ ಮನೆಯವರು ಬಾಗಿಲಿಗೆ ಬಂದರೆ ಮಾತಾಡದೆ ಇರುವ ಜೀವ ಅಲ್ಲ ಅದು. ಬೆಳಿಗ್ಗೆ ಎರಡು ಸಲ, ಸಂಜೆ ಎರಡು ಸಲ, ನಡುವೆ ಒಂದು ನಿಮಿಷ ಬಿಡುವು. ಹೀಗೆ ಏಳು ದಿನ. ಮೊದಲ ದಿನದ ರೀಡಿಂಗ್‌ಗಳನ್ನು ಬಿಟ್ಟು, ಉಳಿದದ್ದರ ಸರಾಸರಿ ತೆಗೆಯಬೇಕು.

148/90 ಬಂತು. ಇಲ್ಲಿನ ಮಾರ್ಗಸೂಚಿ ಪ್ರಕಾರ 80 ವರ್ಷದ ಒಳಗಿನವರಿಗೆ ಕ್ಲಿನಿಕ್ಕಿನಲ್ಲಿ 140/90ಕ್ಕಿಂತ, ಮನೆಯ ಸರಾಸರಿಯಲ್ಲಿ 135/85ಕ್ಕಿಂತ ಕಮ್ಮಿ ಇರಬೇಕು. ಅಂದಮೇಲೆ ಮೆಟ್ಟಿಲು, ಬಿಸಿಲು, ಟೆನ್ಷನ್ ಯಾವ ನೆಪವೂ ಉಳಿಯಲಿಲ್ಲ.

ಅದಕ್ಕೂ ಮೊದಲು ತಂಗಿ ಇನ್ನೆರಡು ವಿಷಯ ನೋಡಿದಳು. ಮಾತ್ರೆ ನಿಜವಾಗಿ ಒಳಗೆ ಹೋಗ್ತಿದೆಯಾ ಅಂತ ಸ್ಟ್ರಿಪ್ಪಿನಲ್ಲಿ ಉಳಿದದ್ದನ್ನು ಎಣಿಸಿದಳು, ಲೆಕ್ಕ ಸರಿಯಿತ್ತು. ಆದರೆ ದಿಂಬಿನ ಹತ್ತಿರ ಡೈಕ್ಲೋಫೆನಾಕ್ ಮಾತ್ರೆಯ ಸ್ಟ್ರಿಪ್ ಸಿಕ್ಕಿತು. ಮಂಡಿ ನೋವಿಗೆ ಅಂತ ಅಮ್ಮ ಮೆಡಿಕಲ್ ಶಾಪಿನಲ್ಲಿ ತಾವೇ ಕೇಳಿ ತಂದದ್ದು. ಈ ಜಾತಿಯ ನೋವಿನ ಮಾತ್ರೆಗಳು ಬಿಪಿ ಏರಿಸುತ್ತವೆ. ಡಾಕ್ಟರಿಗೆ ಅದು ಗೊತ್ತೇ ಇರಲಿಲ್ಲ, ಯಾರೂ ಹೇಳಿರಲಿಲ್ಲ. ನಿಮ್ಮ ಅಪ್ಪಾಜಿ ಹತ್ತಿರ ಇದನ್ನು ತಪ್ಪದೆ ವಿಚಾರಿಸು. ಉಪ್ಪಿನಕಾಯಿ, ಹಪ್ಪಳ ಎಷ್ಟು ಅಂತಲೂ ಕೇಳು, ನಿಜ ಹೇಳುವುದು ಅಪ್ಪಾಜಿ ಅಲ್ಲ, ನಿಮ್ಮಮ್ಮ.

ಇನ್ನು ಕೇಳುವ ರೀತಿ. ಎದ್ದು ಬರುವಾಗ ಬಾಗಿಲ ಹತ್ತಿರ ಕೇಳಬಾರದು, ಕೂತ ಕೂಡಲೇ ಹೇಳಬೇಕು. ಇಂಟರ್‌ನೆಟ್ಟಿನ ಹಾಳೆ ಒಯ್ಯಬಾರದು. "ಮಗ ಫಾರಿನ್‌ನಿಂದ ಹೇಳಿದ" ಅನ್ನೋ ಮಾತಂತೂ ಬೇಡವೇ ಬೇಡ. ಹಳೆ ಚೀಟಿಗಳ ಬಿಪಿಯನ್ನು ತಾರೀಖು ಸಮೇತ ಒಂದೇ ಹಾಳೆಯಲ್ಲಿ ಬರೆದು, ಕೆಳಗೆ ಮನೆಯ ಸರಾಸರಿ ಬರೆದು ಮೇಜಿನ ಮೇಲೆ ಇಡಬೇಕು. ತಂಗಿ ಹೇಳಿದ್ದು ಇಷ್ಟೇ: "ಸರ್, ಒಂದು ವಾರ ಮನೇಲಿ ನೋಡಿದ್ದೀವಿ, ಸರಾಸರಿ 148/90 ಬಂದಿದೆ. ಅಮ್ಮನಿಗೆ ಎಷ್ಟಕ್ಕೆ ಬರಬೇಕು ಸರ್? ಈಗಿನ ಮಾತ್ರೆ ಸಾಕಾ, ಒಂದು ಸಲ ನೋಡ್ತೀರಾ?"

ಮಾತ್ರೆ ಬದಲಿಸಿ ಅಂತ ಅವಳು ಹೇಳಲಿಲ್ಲ, ನೋಡಿ ಅಂದಳು. ಗುರಿ ಎಷ್ಟು ಅಂತ ಕೇಳಿದ್ದಕ್ಕೆ ಡಾಕ್ಟರು ತಾವೇ ಒಂದು ಅಂಕಿ ಹೇಳಿದರು. ತಾವೇ ಹೇಳಿದ ಅಂಕಿ ಹಾಳೆಯ ಪಕ್ಕದಲ್ಲಿದ್ದಾಗ ಸುಮ್ಮನೆ ಮುಂದುವರಿಸಿ ಅನ್ನುವುದು ಕಷ್ಟ. ಆದರೂ ಅವತ್ತು ಹೊಸ ಮಾತ್ರೆ ಬರೆಯಲಿಲ್ಲ. ಡೈಕ್ಲೋಫೆನಾಕ್ ನಿಲ್ಲಿಸಿ, ಮಂಡಿಗೆ ಪ್ಯಾರಾಸಿಟಮಾಲ್ ತಗೊಳ್ಳಿ, ನೋಡೋಣ ಅಂದರು. ಆಗ ಕೇಳಬೇಕಾದ ಮಾತು ಇನ್ನೊಂದಿದೆ, ತಂಗಿ ಕೇಳಿದಳು: "ಎಷ್ಟು ದಿನ ನೋಡೋಣ ಸರ್? ಆಗಲೂ ಇಷ್ಟೇ ಇದ್ದರೆ ಏನು ಮಾಡ್ತೀರಿ?" ಎರಡು ವಾರ, ಇಳಿಯದಿದ್ದರೆ ಇನ್ನೊಂದು ಮಾತ್ರೆ ಸೇರಿಸುತ್ತೇನೆ ಅಂತ ಅವರು ಚೀಟಿಯಲ್ಲೇ ಬರೆದರು. "ನೋಡೋಣ" ಅನ್ನುವುದಕ್ಕೆ ತಾರೀಖು ಸೇರಿಸಿದರೆ ಅದೇ ಚಿಕಿತ್ಸೆಯ ಯೋಜನೆ. ನಮ್ಮ ಅಪ್ಪಾಜಿಯ ಅಷ್ಟೂ ಚೀಟಿಗಳಲ್ಲಿ ಇಲ್ಲದಿದ್ದದ್ದು ಆ ತಾರೀಖು.

ಎರಡು ವಾರಕ್ಕೆ ಸರಾಸರಿ 144/88. ಟೆಲ್ಮಿಸಾರ್ಟನ್ 40 ಸೇರಿಸಿದರು. ಇರುವ ಮಾತ್ರೆಯನ್ನೇ ಡಬಲ್ ಮಾಡುವುದಕ್ಕಿಂತ ಬೇರೆ ಜಾತಿಯದ್ದು ಒಂದು ಸೇರಿಸಿದರೆ ಬಿಪಿ ಸಾಮಾನ್ಯವಾಗಿ ಜಾಸ್ತಿ ಇಳಿಯುತ್ತೆ. ಈ ಮಾತ್ರೆಗೆ ಮೂತ್ರಪಿಂಡ, ಪೊಟ್ಯಾಸಿಯಂ ನೋಡಿಕೊಳ್ಳಬೇಕು ಅಂತ ಶುರು ಮಾಡುವ ಮೊದಲೂ, ಎರಡು ವಾರದ ಮೇಲೂ ರಕ್ತ ಪರೀಕ್ಷೆ ಮಾಡಿಸಿದರು. ತಿಂಗಳಿಗೆ 131/80.

ಒಂದು ಮಾತು ಮರೆಯಬೇಡ. ಮಾತ್ರೆ ಜಾಸ್ತಿ ಮಾಡದಿರುವುದೇ ಸರಿ ಅನ್ನುವ ಸಂದರ್ಭವೂ ಇದೆ. ನಿಮ್ಮ ಅಪ್ಪಾಜಿಗೆ ಎದ್ದು ನಿಂತಾಗ ತಲೆ ಸುತ್ತುತ್ತದಾ ಅಂತ ಕೇಳು. ಹಾಗಿದ್ದರೆ ನಿಂತಾಗಿನ ಬಿಪಿಯನ್ನೂ ನೋಡಲು ಹೇಳಬೇಕು. ಮೇಲಿನ ಅಂಕಿ 20 ಅಥವಾ ಅದಕ್ಕಿಂತ ಜಾಸ್ತಿ ಇಳಿದರೆ ಡಾಕ್ಟರು ಬೇರೆ ಥರ ಯೋಚಿಸುತ್ತಾರೆ, ಬಿದ್ದು ಸೊಂಟ ಮುರಿದುಕೊಂಡರೆ ಅದೂ ಸಣ್ಣ ಕಷ್ಟವಲ್ಲ. ನೀನೇ ಫೋನಿನಲ್ಲಿ ಮಾತ್ರೆ ಬದಲಿಸಲು ಹೋಗಬೇಡ, ನಮ್ಮ ಅಮ್ಮನ ಮಾತ್ರೆ ಹೆಸರು ಹೇಳಿ ತರಿಸಬೇಡ. ಇನ್ನು 180/120 ದಾಟಿ ಎದೆನೋವು, ಉಸಿರಾಟದ ತೊಂದರೆ, ಕಣ್ಣು ಮಂಜಾಗುವುದು ಇದ್ದರೆ ಏಳು ದಿನದ ಲೆಕ್ಕ ಎಲ್ಲ ಬಿಟ್ಟು ಆಗಲೇ ಆಸ್ಪತ್ರೆಗೆ. ಬಾಯಿ ಸೊಟ್ಟಗಾಗುವುದು, ಕೈ ಸೋಲುವುದು, ಮಾತು ತೊದಲುವುದು ಕಂಡರೆ ಬಿಪಿ ಎಷ್ಟಿದ್ದರೂ ಹೊರಡಬೇಕು. ಇದನ್ನು ಅಕ್ಕಪಕ್ಕದ ಮನೆಯವರಿಗೂ ಹೇಳಿಡು. ನಾವು ಇಷ್ಟು ದೂರದಲ್ಲಿ ಇರುವವರು, ಅಂಥ ಹೊತ್ತಲ್ಲಿ ಕೈಹಿಡಿಯುವವರು ಅವರೇ.

ಈ ಭಾನುವಾರ ಫೋನ್ ಮಾಡಿದಾಗ "ಬಿಪಿ ಹೇಗಿದೆ" ಅಂತ ಕೇಳಬೇಡ, "ಚೆನ್ನಾಗಿದೆ" ಅಂತಲೇ ಬರುತ್ತೆ ಉತ್ತರ. ಇದುವರೆಗಿನ ಅಷ್ಟೂ ಚೀಟಿಗಳ ಫೋಟೋ ಕಳಿಸಲು ಹೇಳು. ಮೆಷಿನ್ನು ತರಿಸುವ ಮೊದಲು ಅಪ್ಪಾಜಿಯ ತೋಳಿನ ಸುತ್ತಳತೆ ದಾರದಲ್ಲಿ ತೆಗೆಸು, ಆ ಅಳತೆಯ ಪಟ್ಟಿ ಇರುವುದನ್ನೇ ಕೊಳ್ಳಲಿ. ಮುಂದಿನ ಸಲ ಡಾಕ್ಟರ ಹತ್ತಿರ ಯಾವಾಗ ಹೋಗಬೇಕು ಅಂತ ಕೇಳಿಕೊಂಡು, ಅದಕ್ಕೆ ಎಂಟು ದಿನ ಮೊದಲು ಮನೆಯಲ್ಲಿ ಬಿಪಿ ನೋಡಲು ಶುರು ಮಾಡಿಸು.