ತನಿಷ್ಕ್ ಬಗ್ಗೆ ಬರೆದ ಉತ್ತರದಲ್ಲಿ ತನಿಷ್ಕ್ ಎಲ್ಲಿದೆ?

"ಮಾನ್ಯ ಸಂಪಾದಕರೇ, 'ಒಂದು ಬ್ರಾಂಡಿನ ಕಾರ್ಯತಂತ್ರವನ್ನು ವಿವರಿಸಿ' ಎಂಬ 10 ಅಂಕದ ಎಂಬಿಎ ಪ್ರಶ್ನೆಗೆ ತನಿಷ್ಕ್ ಕುರಿತು ಮಾದರಿ ಉತ್ತರ ಬರೆದು ಕಳಿಸಿದ್ದೇನೆ. ಸ್ವಾಟ್, ನಾಲ್ಕು ಪಿ, ಪೋರ್ಟರ್ ಎಲ್ಲವನ್ನೂ ಸೇರಿಸಿದ್ದೇನೆ. ನಿಮ್ಮ ವಿದ್ಯಾರ್ಥಿ ಪುಟಕ್ಕೆ ಆದೀತೇ? ಇಲ್ಲವಾದರೆ ಎಲ್ಲಿ ಎಡವಿದ್ದೇನೆ, ನೇರವಾಗಿ ಹೇಳಿ."

ಈಗಿರುವ ರೂಪದಲ್ಲಿ ಆಗುವುದಿಲ್ಲ. ಮೊದಲ ಒಂದೂವರೆ ಪುಟ ತನಿಷ್ಕ್‌ನ ಒಡೆತನದ ಟೈಟನ್ ಕಂಪನಿಯ ಹುಟ್ಟು, ಹೊಸೂರಿನ ಕಾರ್ಖಾನೆ, ಟಾಟಾ ಸಮೂಹದ ಹಿರಿಮೆಗೇ ಹೋಗಿದೆ. ಆಮೇಲೆ ಬರುವ ಸ್ವಾಟ್ ಕೋಷ್ಟಕದಲ್ಲಿ ತನಿಷ್ಕ್ ಹೆಸರು ಹೊಡೆದು ಬೇರೆ ಯಾವ ಆಭರಣದಂಗಡಿಯ ಹೆಸರು ಬರೆದರೂ ಒಂದು ಸಾಲೂ ಸುಳ್ಳಾಗುವುದಿಲ್ಲ. ಕೇಸ್ ಸ್ಟಡಿಯಲ್ಲಿ ಅಂಕ ಕೈತಪ್ಪುವುದೇ ಅಲ್ಲಿ. ಹೆಸರು ಬದಲಿಸಿದರೂ ನಿಲ್ಲುವ ವಾಕ್ಯಗಳನ್ನೆಲ್ಲ ತೆಗೆದುಹಾಕಿ. ನಿಮ್ಮ ಉತ್ತರದಲ್ಲಿ ಉಳಿಯುವುದು ಸುಮಾರು ಐದು ಸಾಲು, ಅವೇ ಚೆನ್ನಾಗಿವೆ. ಅಲ್ಲಿಂದಲೇ ಶುರುಮಾಡಿ.

ತೆಗೆಯಬೇಕಾದ ಸಾಲುಗಳಲ್ಲಿ ಒಂದು ಹೀಗಿದೆ: "ಗುಣಮಟ್ಟಕ್ಕೆ ಒತ್ತು ಕೊಟ್ಟು ತನಿಷ್ಕ್ ಗ್ರಾಹಕರ ವಿಶ್ವಾಸ ಗಳಿಸಿತು." ಹೇಗೆ ಗಳಿಸಿತು ಎಂಬುದೇ ಕಾರ್ಯತಂತ್ರ. ನೀವು ಫಲವನ್ನು ಹೇಳಿ ದಾರಿಯನ್ನು ಬಿಟ್ಟಿದ್ದೀರಿ.

ದಾರಿ ಇದು. 90ರ ದಶಕದ ನಡುವೆ ತನಿಷ್ಕ್ 18 ಕ್ಯಾರೆಟ್ಟಿನ ಆಭರಣಗಳೊಂದಿಗೆ ಬಂತು. ನಮ್ಮಲ್ಲಿ ಚಿನ್ನವೆಂದರೆ ಒಡವೆಯೂ ಹೌದು, ಕಷ್ಟಕಾಲದ ಉಳಿತಾಯವೂ ಹೌದು. ಹಾಗಾಗಿ 22 ಕ್ಯಾರೆಟ್ಟಿಗೆ ಒಗ್ಗಿದ ಮನೆಗಳು ಅದನ್ನು ಒಪ್ಪಲಿಲ್ಲ. ಕಂಪನಿ 22ಕ್ಕೆ ತಿರುಗಿತು. ಆದರೆ 22 ಕ್ಯಾರೆಟ್ ಎಂದು ಎಲ್ಲರೂ ಹೇಳುತ್ತಿದ್ದರು. ಕೊಳ್ಳುವವರಿಗೆ ನೋಡಿ ತಿಳಿಯುವಂತಿರಲಿಲ್ಲ, ಮನೆತನದ ಅಂಗಡಿಯವರ ಮಾತೇ ಪ್ರಮಾಣ. ಇಲ್ಲಿ ತನಿಷ್ಕ್ ಅಂಗಡಿಯೊಳಗೆ ಕ್ಯಾರೆಟ್‌ಮೀಟರ್ ಇಟ್ಟಿತು. ಎಕ್ಸ್‌ರೇಯಿಂದ ಕೆಲವೇ ನಿಮಿಷದಲ್ಲಿ, ಒಡವೆಯನ್ನು ಕರಗಿಸದೆ, ಶುದ್ಧತೆ ತೋರಿಸುವ ಯಂತ್ರ ಅದು.

ಯಂತ್ರದ ಬಗ್ಗೆ ಎಲ್ಲರೂ ಬರೆಯುತ್ತಾರೆ. ಅದರಿಂದ ಹುಟ್ಟಿದ ಹೊಸ ತೊಡಕನ್ನು ಬರೆಯುವವರು ಕಡಿಮೆ. ತವರಿನಲ್ಲಿ ಕೊಟ್ಟ ಬಳೆ 19 ಕ್ಯಾರೆಟ್ ಎಂದು ಗೊತ್ತಾದ ಹೆಣ್ಣುಮಗಳು ಖುಷಿಯಿಂದ ಹೊಸ ಬಳೆ ಕೊಳ್ಳುವುದಿಲ್ಲ, ಬೇಜಾರಿನಿಂದ ಎದ್ದು ಹೋಗುತ್ತಾಳೆ. ಅದಕ್ಕೇ 19ರಿಂದ 22 ಕ್ಯಾರೆಟ್ಟಿನೊಳಗೆ ಬಂದ ಹಳೆಯ ಆಭರಣವನ್ನು, ಬರೀ ಮಜೂರಿ ಕೊಟ್ಟು, 22 ಕ್ಯಾರೆಟ್ಟಿನ ತನಿಷ್ಕ್ ಆಭರಣಕ್ಕೆ ಬದಲಿಸಿಕೊಳ್ಳಬಹುದು ಎಂಬ ಯೋಜನೆ ತಂದರು.

ಇದರ ಲೆಕ್ಕವನ್ನು ಉತ್ತರದಲ್ಲಿ ಎರಡೇ ಸಾಲಿನಲ್ಲಿ ಬಿಡಿಸಿ. 20 ಗ್ರಾಂ ಬಳೆ 19 ಕ್ಯಾರೆಟ್ಟಿನದಾದರೆ ಅಪ್ಪಟ ಚಿನ್ನ 20 × 19/24, ಅಂದರೆ 15.83 ಗ್ರಾಂ. 22 ಕ್ಯಾರೆಟ್ ಆದರೆ 18.33. ವ್ಯತ್ಯಾಸದ 2.5 ಗ್ರಾಂ ಕಂಪನಿಯ ಕೈಯಿಂದ ಹೋಗುತ್ತದೆ, ಪ್ರತಿಯಾಗಿ ಬರುವುದು ಮಜೂರಿ ಮತ್ತು ಒಬ್ಬ ಹೊಸ ಗಿರಾಕಿ. ಇದನ್ನು ರಿಯಾಯಿತಿ ಎಂದು ಬರೆದಿದ್ದೀರಿ, ಅಲ್ಲ. ಇದು ಗಿರಾಕಿಯನ್ನು ಹಳೆಯ ಅಂಗಡಿಯಿಂದ ಬಿಡಿಸಿಕೊಳ್ಳಲು ತೆತ್ತ ಬೆಲೆ. ಜಾಹೀರಾತಿಗೆ ಸುರಿಯುವ ದುಡ್ಡಿನ ಪಕ್ಕದಲ್ಲಿಟ್ಟು ತೂಗಿದರೆ ತರ್ಕ ತಾನೇ ಕಾಣುತ್ತದೆ.

ಪೋರ್ಟರ್ ಬೇಕೆಂದರೆ ಇಲ್ಲಿಗೆ ತನ್ನಿ, ಐದೂ ಶಕ್ತಿಗಳು ಬೇಡ. ಯಂತ್ರವನ್ನು ಯಾರು ಬೇಕಾದರೂ ಕೊಳ್ಳಬಹುದಿತ್ತು. ಆದರೆ ಕಡಿಮೆ ಕ್ಯಾರೆಟ್ ಮಾರಿದ ಹಳೆಯ ಅಂಗಡಿ ಅದನ್ನು ಇಟ್ಟರೆ ಮೊದಲು ಪರೀಕ್ಷೆಗೆ ಬರುವುದು ಅವರೇ ಮಾರಿದ ಸರ. ಹಳೆಯ ಮಾರಾಟದ ಹೊರೆ ಇಲ್ಲದ ಹೊಸಬರಿಗೆ ಮಾತ್ರ ಈ ಆಟ ಅಗ್ಗ. ನಕಲು ಯಾಕೆ ಕಷ್ಟವಾಯಿತು ಎಂಬ ಈ ಕಾರಣವನ್ನು ಬರೆಯದ ಉತ್ತರ ಅರ್ಧ ಉತ್ತರ.

ಮಿತಿಯನ್ನೂ ಹೇಳಿ. ಎಕ್ಸ್‌ರೇ ಓದುವುದು ಮೇಲ್ಪದರವನ್ನು. ಮೇಲೆ ದಪ್ಪಗೆ ಚಿನ್ನದ ಲೇಪವಿರುವ ಒಡವೆ ಅದನ್ನು ಮೋಸಗೊಳಿಸಬಹುದು, ಖಚಿತವಾಗಬೇಕಾದರೆ ಕರಗಿಸಲೇಬೇಕು. ಅದಕ್ಕಿಂತ ದೊಡ್ಡ ಮಿತಿ ಕಾಲದ್ದು: 2021ರ ಜೂನ್‌ನಿಂದ ಹಂತಹಂತವಾಗಿ ಹಾಲ್‌ಮಾರ್ಕ್ ಕಡ್ಡಾಯವಾಯಿತು. ಶುದ್ಧತೆ ಕಾನೂನಾದ ಮೇಲೆ ಅದನ್ನೇ ತನಿಷ್ಕ್‌ನ ಇಂದಿನ ವೈಶಿಷ್ಟ್ಯ ಎಂದು ವರ್ತಮಾನಕಾಲದಲ್ಲಿ ಬರೆಯುವುದು ತಪ್ಪು. ನಿಮ್ಮ ಮೂರನೇ ಪುಟದಲ್ಲಿ ಹಾಗೇ ಇದೆ. ಈಗಿನ ಪೈಪೋಟಿ ವಿನ್ಯಾಸ, ಹಳೆಯ ಚಿನ್ನದ ವಿನಿಮಯ, ಮದುವೆ ಒಡವೆಗೆ ರಿವಾ ಎಂಬಂಥ ಪ್ರತ್ಯೇಕ ಹೆಸರು, ಇವುಗಳ ಸುತ್ತ ಇದೆ. ಒಂದು ಪ್ಯಾರಾ ಸಾಕು.

10 ಅಂಕಕ್ಕೆ ಒಂದೂವರೆ ಪುಟ ಮೀರಬೇಡಿ. ಕಂಪನಿ ಪರಿಚಯ ಎರಡು ಸಾಲು, ಸಮಸ್ಯೆ ಒಂದು ಪ್ಯಾರಾ, ಯಂತ್ರ ಮತ್ತು ವಿನಿಮಯಕ್ಕೆ ಅರ್ಧ ಪುಟ, ಉಳಿದದ್ದು ನಕಲು ಮತ್ತು ಮಿತಿಗೆ. ಸ್ವಾಟ್ ಕೋಷ್ಟಕವನ್ನು ಪ್ರಶ್ನೆಪತ್ರಿಕೆ ಕೇಳಿದ್ದರೆ ಮಾತ್ರ ಹಾಕಿ. ಹೀಗೆ ತಿದ್ದಿ ಕಳಿಸಿದರೆ ಮತ್ತೆ ಓದುತ್ತೇವೆ.